ಒಂದೇ ನುಡಿಯ ಜಪ: ಮರುಭೂಮಿಯ ಮುನಿಗಳೂ ನಮ್ಮ ಮಂತ್ರವೂ



ಘಟಪ್ರಭೆಯ ದಂಡೆಯ ಗೋಕಾಕದಲ್ಲಿ ನಾವು ಒಮ್ಮೆ ಮೂರು ದಿನ ಒಬ್ಬ ಸ್ನೇಹಿತರ ಮನೆಯಲ್ಲಿ ಉಳಿದುಕೊಳ್ಳಬೇಕಾಯಿತು. ನಮ್ಮ ಜೊತೆಯಲ್ಲಿ ಹುಕ್ಕೇರಿಯ ಕಡೆಯ ಒಬ್ಬ ಉಪಾಧ್ಯಾಯರಿದ್ದರು, ಅವರು ಕ್ರೈಸ್ತರು. ಬೆಳಗಿನ ಹೊತ್ತು ಆ ಮನೆಯ ಹಿರಿಯಾಕೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡದ ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಧ್ವನಿ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಪೂಜೆ ಮುಗಿದು ಅವರು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಲು ತೊಡಗಿದ ಮೇಲೆಯೂ ತುಟಿಯ ಚಲನೆ ನಿಲ್ಲಲಿಲ್ಲ. ಉಪಾಧ್ಯಾಯರು ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ ನಮ್ಮ ಕಡೆಗೆ ತಿರುಗಿ, "ನಮ್ಮಲ್ಲಿಯೂ ಹಿಂದೆ ಈಜಿಪ್ತದ ಮರಳುಗಾಡಿನಲ್ಲಿ ಹೀಗೆಯೇ ಒಂದೇ ಮಾತನ್ನು ಹಿಡಿದು ಕುಳಿತವರಿದ್ದರು" ಎಂದರು. ಅಂದಿನಿಂದ ಈ ಎರಡು ಅಭ್ಯಾಸಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬ ವಿಚಾರವು ನಮ್ಮನ್ನು ಬಿಡಲಿಲ್ಲ. ಇಂದು ಅದನ್ನೇ ತಮ್ಮ ಮುಂದಿಡುತ್ತೇವೆ.

ಮೊದಲು ಈಜಿಪ್ತಕ್ಕೆ ಹೋಗೋಣ. ಅಲೆಕ್ಸಾಂಡ್ರಿಯಾ ನಗರದ ದಕ್ಷಿಣಕ್ಕೆ, ನೈಲ್ ನದಿಯ ಪಶ್ಚಿಮಕ್ಕೆ, ಸ್ಕೇತಿಸ್ ಎಂಬ ಉಪ್ಪುನೀರಿನ ಕಣಿವೆಯಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಅಲ್ಲಿ ಸಾಧಕರು ಬೇರೆ ಬೇರೆ ಗುಡಿಸಲುಗಳಲ್ಲಿ ಒಂಟಿಯಾಗಿ ವಾಸಿಸುತ್ತಿದ್ದರು. ಖರ್ಜೂರದ ಗರಿಯನ್ನು ನೆನೆಸಿ ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು ಅವರ ಜೀವನೋಪಾಯ. ಕೈ ಕೆಲಸದಲ್ಲಿರುವಾಗ ಬಾಯಿಯಲ್ಲಿ ಕೀರ್ತನೆಗಳ ಪಾಠ. ಹಿರಿಯ ಸಾಧಕನನ್ನು ಅವರು 'ಅಬ್ಬಾ' ಎಂದು ಕರೆಯುತ್ತಿದ್ದರು, ಎಂದರೆ ತಂದೆ. ಬೆಳಗಾವಿಯ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು 'ಅಪ್ಪಾವರು' ಎಂದು ಕರೆಯುವುದನ್ನು ಕೇಳಿದವರಿಗೆ ಈ ಸಂಬೋಧನೆ ಹೊಸದೆನಿಸಲಾರದು.

ಈ ಕಣಿವೆಗೆ ಜಾನ್ ಕ್ಯಾಸಿಯನ್ ಮತ್ತು ಜರ್ಮಾನಸ್ ಎಂಬ ಇಬ್ಬರು ಗೆಳೆಯರು ಉಪದೇಶವನ್ನು ಅರಸಿಕೊಂಡು ಬಂದು ಕೆಲವು ವರ್ಷ ನಿಂತರು. ಅನಂತರ ಕ್ಯಾಸಿಯನ್ನನು ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ನೆಲೆಸಿ, 420ರ ದಶಕದಲ್ಲಿ, ಆ ಹಿರಿಯರಿಂದ ಕೇಳಿದ್ದನ್ನು 24 ಸಂವಾದಗಳಾಗಿ ಲ್ಯಾಟಿನ್ ಭಾಷೆಯಲ್ಲಿ ಬರೆದನು. ಅವುಗಳಲ್ಲಿ ಹತ್ತನೆಯದು ನಮ್ಮ ವಿಷಯಕ್ಕೆ ಬೇಕಾದುದು. ಅದು ಮಂತ್ರದ ಮಾತಿನಿಂದ ಆರಂಭವಾಗುವುದಿಲ್ಲ, ಒಬ್ಬ ಮುದುಕನ ಅಳುವಿನಿಂದ ಆರಂಭವಾಗುತ್ತದೆ. ಇದನ್ನು ಅನೇಕರು ಗಮನಿಸದೆ ಬಿಡುತ್ತಾರೆ.

ನಡೆದದ್ದು ಹೀಗೆ. 399ರಲ್ಲಿ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷನಾದ ಥಿಯೋಫಿಲಸನು ಎಂದಿನ ವಾರ್ಷಿಕ ಪತ್ರವನ್ನು ಕಳುಹಿಸುತ್ತ, ದೇವರಿಗೆ ಮನುಷ್ಯನಂತೆ ಕೈ, ಕಾಲು, ಮುಖಗಳಿವೆಯೆಂದು ಭಾವಿಸುವುದು ತಪ್ಪೆಂದು ಖಂಡಿಸಿದನು. ಮರುಭೂಮಿಯ ಬಹುಮಂದಿ ಸರಳಸಾಧಕರು ಹಾಗೆಯೇ ಭಾವಿಸಿ ಧ್ಯಾನಿಸುತ್ತಿದ್ದವರು. ಅವರಿಗೆ ಇದು ಸಿಡಿಲಿನಂತೆ ಬಂದೆರಗಿತು. ಸ್ಕೇತಿಸಿನ ನಾಲ್ಕು ದೇವಾಲಯಗಳಲ್ಲಿ ಮೂರರಲ್ಲಿ ಆ ಪತ್ರವನ್ನು ಓದಗೊಡಲಿಲ್ಲ. ಓದಿಸಿದ ನಾಲ್ಕನೆಯ ಕಡೆಯಲ್ಲಿ ಸೆರಾಪಿಯೋನ್ ಎಂಬ ಹಿರಿಯನಿದ್ದನು. ವಯಸ್ಸಿನಲ್ಲಿಯೂ ಶೀಲದಲ್ಲಿಯೂ ಎಲ್ಲರಿಗಿಂತ ಮುಂದಾದವನು. ಕಪ್ಪದೋಕ್ಯದಿಂದ ಬಂದಿದ್ದ ಫೋಟಿನಸ್ ಎಂಬ ಪಂಡಿತನು ಶಾಸ್ತ್ರವನ್ನು ವಿವರಿಸಿದಾಗ ಮುದುಕನು ಒಪ್ಪಿದನು. ಎಲ್ಲರೂ ಎದ್ದು ಪ್ರಾರ್ಥನೆಗೆ ನಿಂತರು. ಆದರೆ ಎಷ್ಟೋ ವರ್ಷ ಕಣ್ಣ ಮುಂದೆ ನಿಲ್ಲಿಸಿಕೊಂಡಿದ್ದ ರೂಪವು ಆ ಕ್ಷಣದಲ್ಲಿ ಇಲ್ಲವಾಗಿತ್ತು. ಅವನು ನೆಲಕ್ಕೆ ಬಿದ್ದು ಅಳುತ್ತ, ತನ್ನ ದೇವರನ್ನು ಇವರು ಕಿತ್ತುಕೊಂಡರೆಂದೂ ಇನ್ನು ಯಾರನ್ನು ಹಿಡಿದು ಪೂಜಿಸಬೇಕೋ ತಿಳಿಯದೆಂದೂ ಗೋಳಾಡಿದನು.

ಈ ದೃಶ್ಯವನ್ನು ಕಂಡ ಮೇಲೆಯೇ ಆ ಇಬ್ಬರು ಗೆಳೆಯರು ಅಬ್ಬಾ ಐಸಾಕನ ಬಳಿಗೆ ಹೋದದ್ದು. ಜರ್ಮಾನಸನ ಪ್ರಶ್ನೆ ನೇರವಾಗಿತ್ತು. ಮಕ್ಕಳಿಗೆ ಅಕ್ಷರ ಕಲಿಸುವಾಗ ಮೊದಲು ತಿದ್ದಲು ಒಂದು ಮಾದರಿಯನ್ನು ಕೊಡುತ್ತಾರೆ. ದೇವರ ಸ್ಮರಣೆಗೆ ಅಂಥ ಮಾದರಿ ಯಾವುದು? ಮನಸ್ಸು ಒಂದು ಕೀರ್ತನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದು ವಾಕ್ಯಕ್ಕೆ ಕುಡಿದವನಂತೆ ತೂರಾಡುತ್ತದೆ. ತಪ್ಪಿತೆಂದು ಎಚ್ಚರವಾದಾಗ ಎಲ್ಲಿಗೆ ಮರಳಬೇಕೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ಮರಳಿ ಬರಲು ಒಂದು ಗೂಟ ಬೇಕು.

ಐಸಾಕನು ಒಂದೇ ವಚನವನ್ನು ಕೊಟ್ಟನು. ಅದು 70ನೆಯ ಕೀರ್ತನೆಯ ಮೊದಲನೆಯ ವಚನ: ದೇವರು ತನ್ನ ಸಹಾಯಕ್ಕೆ ಬರಬೇಕು, ತಡಮಾಡದೆ ಬರಬೇಕು ಎಂಬ ಎರಡು ತುಂಡಿನ ಬೇಡಿಕೆ, ಅಷ್ಟೇ. ಇದು ತನ್ನ ಸ್ವಂತ ಆಯ್ಕೆಯಲ್ಲ, ಹಳೆಯ ತಂದೆಗಳಲ್ಲಿ ಉಳಿದ ಕೆಲವರಿಂದ ಬಂದದ್ದು, ನಿಜವಾಗಿ ಬಾಯಾರಿದವರಿಗಲ್ಲದೆ ಹೇಳುವುದಲ್ಲ ಎಂದೂ ಸೇರಿಸಿದನು. ಅನಂತರ ಅವನು ಮಾಡಿದ್ದು ವಿಶೇಷವಾದುದು: ವಚನದ ಮಹಿಮೆಯನ್ನು ಹೊಗಳುತ್ತ ಕೂರದೆ, ದಿನದ ಒಂದೊಂದು ಸಂದರ್ಭವನ್ನೂ ತೆಗೆದುಕೊಂಡು, ಅಲ್ಲಿ ಆ ವಚನವನ್ನು ಹೇಗೆ ಹಚ್ಚಬೇಕೆಂದು ತೋರಿಸಿದನು. ಉಪವಾಸದ ಹೊತ್ತು ಮುಗಿಯುವ ಮುನ್ನ ಅಡುಗೆಯ ನೆನಪು ಬಂದರೆ ಅದೇ ವಚನ. ಊಟದ ಹೊತ್ತಾದರೂ ಊಟ ಬೇಡವೆನಿಸಿದರೆ ಅದೇ ವಚನ. ಓದಲು ಕುಳಿತಾಗ ತಲೆನೋವು ಬಂದು ಮುಖ ಪುಸ್ತಕದ ಮೇಲೆ ಬಾಗುತ್ತಿದ್ದರೆ, ರಾತ್ರಿ ನಿದ್ದೆ ಹತ್ತದೆ ಹೊರಳಾಡುತ್ತಿದ್ದರೆ, ಕೋಪ ಬಂದರೆ, ತನ್ನ ತಪಸ್ಸೇ ದೊಡ್ಡದೆಂಬ ಹಮ್ಮು ಬಂದರೆ, ಆಗಲೂ ಅದೇ. ಕಾರಣವಿಲ್ಲದೆ ಮನಸ್ಸು ಆನಂದದಿಂದ ತುಂಬಿ ಬಂದಾಗಲೂ ಅದನ್ನು ಬಿಡಕೂಡದು. ಆ ಆನಂದವು ತನ್ನ ಗಳಿಕೆಯಲ್ಲವಾದುದರಿಂದ, ಅದು ಉಳಿಯುವುದಕ್ಕೂ ಸಹಾಯ ಬೇಕು. ಮಲಗುವಾಗ ಇದನ್ನೇ ಹೇಳುತ್ತ ನಿದ್ದೆಹೋಗಬೇಕು, ಎದ್ದೊಡನೆ ಇದೇ ಮೊದಲ ಮಾತಾಗಬೇಕು.

ಈಗ ಸೆರಾಪಿಯೋನನ ಅಳುವಿಗೂ ಈ ಉಪದೇಶಕ್ಕೂ ಇರುವ ಸಂಬಂಧವು ತಮಗೆ ಹೊಳೆದಿರಬಹುದು. ರೂಪವು ಹೋಯಿತು, ಹಿಡಿದುಕೊಳ್ಳಲು ಏನಾದರೂ ಬೇಕು, ಐಸಾಕನು ಒಂದು ಮಾತನ್ನು ಕೈಗೆ ಕೊಟ್ಟನು. ಮರುಭೂಮಿಯ ಕಿರುಪ್ರಾರ್ಥನೆಯು ಕಳೆದುಹೋದ ಮೂರ್ತಿಯ ಜಾಗದಲ್ಲಿ ಬಂದು ನಿಂತ ನುಡಿ. ನಮ್ಮ ಹೋಲಿಕೆಯನ್ನು ಇಲ್ಲಿಂದಲೇ ಮುಂದಕ್ಕೆ ಒಯ್ಯಬೇಕೆಂದು ನಮಗೆ ತೋರುತ್ತದೆ.

ಗೋಕಾಕದ ಆ ಮನೆಗೆ ಮರಳೋಣ. ಅಲ್ಲಿ ನುಡಿ ಒಂಟಿಯಾಗಿರಲಿಲ್ಲ. ವೀರಶೈವ ಲಿಂಗಾಯತರಲ್ಲಿ ಅಷ್ಟಾವರಣಗಳೆಂದು ಎಂಟನ್ನು ಹೇಳುತ್ತಾರೆ: ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಮಂತ್ರವು ಈ ಎಂಟರಲ್ಲಿ ಒಂದು. 'ನಮಃ ಶಿವಾಯ' ಎಂಬ ಐದು ಅಕ್ಷರ; ಪ್ರಣವವನ್ನು ಸೇರಿಸಿದರೆ ಆರು. ದೀಕ್ಷೆಯಲ್ಲಿ ಗುರುವು ಅಂಗೈಗೆ ಲಿಂಗವನ್ನು ಕೊಡುತ್ತಾನೆ, ಕಿವಿಯಲ್ಲಿ ಮಂತ್ರವನ್ನು ಉಸುರುತ್ತಾನೆ. ಹೀಗಾಗಿ ಪೂಜೆಗೆ ಕುಳಿತವರ ಕೈಯಲ್ಲಿ ಲಿಂಗದ ಭಾರವಿರುತ್ತದೆ, ಅದರ ಮೇಲಿನ ಕಪ್ಪು ಕಂತಿಯಲ್ಲಿ ದೀಪದ ಬೆಳಕು ಒಂದು ಚುಕ್ಕೆಯಾಗಿ ಹೊಳೆಯುತ್ತಿರುತ್ತದೆ, ಕಣ್ಣಿಗೆ ಅದು ನೆಲೆ, ನಾಲಗೆಗೆ ಮಂತ್ರ. ಕೈಕಾಲು ಮುಖಗಳಿಲ್ಲದ ಕುರುಹಾದುದರಿಂದ ಥಿಯೋಫಿಲಸನ ಆಕ್ಷೇಪಣೆಯು ಇದಕ್ಕೆ ನೇರವಾಗಿ ತಾಗುವುದೂ ಇಲ್ಲ. ಸೆರಾಪಿಯೋನನ ಸಂಕಟವು ಆ ತಾಯಿಗೆ ಬರಲು ಎಡೆಯೇ ಇರಲಿಲ್ಲ. ಐಸಾಕನ ಶಿಷ್ಯನಿಗೆ ಮೂರೂ ಕೆಲಸವನ್ನು ಒಂದು ವಚನವೇ ಮಾಡಬೇಕಾಗಿತ್ತು.

ಹಾಗಾದರೆ ಆ ವಚನವನ್ನು ಮಂತ್ರವೆನ್ನಬಹುದೇ? ಇದನ್ನು ಪರೀಕ್ಷಿಸಲು ನಮಗೆ ಒಂದು ಸುಲಭವಾದ ಒರೆಗಲ್ಲು ಸಿಕ್ಕಿದೆ: ಭಾಷಾಂತರ. ಆ ಕೀರ್ತನೆ ಹುಟ್ಟಿದ್ದು ಹೀಬ್ರೂವಿನಲ್ಲಿ. ಈಜಿಪ್ತದ ಮುನಿಗಳು ಅದನ್ನು ಗ್ರೀಕಿನಲ್ಲಿಯೋ ತಮ್ಮ ಕಾಪ್ಟ್ ನುಡಿಯಲ್ಲಿಯೋ ಹೇಳಿದರು. ಕ್ಯಾಸಿಯನ್ನನು ಲ್ಯಾಟಿನ್ನಿನಲ್ಲಿ ಬರೆದನು. ಆರನೆಯ ಶತಮಾನದಲ್ಲಿ ಬೆನೆಡಿಕ್ಟನು ತನ್ನ ಮಠಗಳ ಹಗಲಿನ ಪ್ರಾರ್ಥನೆಗಳಿಗೆ ಇದನ್ನೇ ಮೊದಲ ಮಾತನ್ನಾಗಿ ಮಾಡಿದನು. ನಮ್ಮ ಉಪಾಧ್ಯಾಯರು ಕನ್ನಡದಲ್ಲಿಯೇ ಹೇಳುತ್ತಾರೆ. ಎಲ್ಲಿಯೂ ಅದರ ಬಲ ಕುಂದಿತೆಂದು ಯಾರೂ ಹೇಳಿಲ್ಲ. ಏಕೆಂದರೆ ಬಲವಿರುವುದು ಬೇಡಿಕೆಯಲ್ಲಿ, ಬೇಡಿಸಿಕೊಳ್ಳುವಾತನಲ್ಲಿ. ಅದೇ ಪಂಚಾಕ್ಷರಿಯ ವಿಷಯ ನೋಡಿರಿ. ತಮ್ಮ ಅನುಭವವೆಲ್ಲವನ್ನೂ ಕನ್ನಡದಲ್ಲಿ ಹೇಳಿದ ಶರಣರು, ಸಂಸ್ಕೃತದ ಹಂಗನ್ನು ಅಷ್ಟಾಗಿ ಇಟ್ಟುಕೊಳ್ಳದವರು, ಈ ಐದು ಅಕ್ಷರಗಳನ್ನು ಮಾತ್ರ ಕನ್ನಡಿಸಲಿಲ್ಲ. 'ಶಿವನಿಗೆ ನಮಸ್ಕಾರ' ಎಂದರೆ ಅರ್ಥವೆಲ್ಲ ಬಂದಿತು, ಮಂತ್ರವು ಬರಲಿಲ್ಲ. ಅಕ್ಷರಗಳ ನಾದದಲ್ಲಿಯೇ ಶಕ್ತಿಯಿದೆಯೆಂಬುದು ಇಲ್ಲಿಯ ನಂಬಿಕೆ. ಹಾಗೆಂದು ಅರ್ಥವು ಬೇಡವೆಂದಲ್ಲ. ಪತಂಜಲಿಯು ಪ್ರಣವದ ಜಪವನ್ನು ಹೇಳುವ ಸೂತ್ರದಲ್ಲಿಯೇ ಅದರ ಅರ್ಥದ ಭಾವನೆಯನ್ನೂ ಜೊತೆಗಿಟ್ಟಿದ್ದಾನೆ. ಆದರೂ ಅರ್ಥವೊಂದೇ ಸಾಲದು. ಈ ಭೇದವು ಸಣ್ಣದಲ್ಲ. ಎರಡೂ ಒಂದೇ ಎಂದು ಬೇಗ ಹೇಳಿಬಿಡುವ ಉತ್ಸಾಹಿಗಳು ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಇನ್ನೊಂದು ಭೇದವು ಎಣಿಕೆಯಲ್ಲಿದೆ. ನಮ್ಮ ದೇಶದಲ್ಲಿ ಜಪದ ಲೆಕ್ಕವು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಮಾಲೆಯಲ್ಲಿ 108 ಮಣಿ. ಮೇರುಮಣಿಯನ್ನು ದಾಟದೆ ಮಾಲೆಯನ್ನು ತಿರುಗಿಸಿ ಹಿಂದಿರುಗಬೇಕು. 108ನ್ನು ನೂರೆಂದೇ ಎಣಿಸಿ, ಉಳಿದ ಎಂಟನ್ನು ಮರೆವಿಗೂ ತಪ್ಪಿಗೂ ಬಿಡುವ ರೂಢಿಯುಂಟು. ತಂತ್ರಗ್ರಂಥಗಳ ಪುರಶ್ಚರಣೆಯಲ್ಲಿ ಅಕ್ಷರಕ್ಕೆ ಒಂದು ಲಕ್ಷದಂತೆ ಪಂಚಾಕ್ಷರಿಗೆ 5 ಲಕ್ಷ ಜಪ. ದಿನಕ್ಕೆ ಹತ್ತು ಮಾಲೆ, ಎಂದರೆ ಸಾವಿರ ಜಪ ಮಾಡುವವನಿಗೆ 500 ದಿನ ಬೇಕು. ಅದರ ಹತ್ತರಲ್ಲೊಂದು ಭಾಗ ಹೋಮ, ಅದರ ಹತ್ತರಲ್ಲೊಂದು ತರ್ಪಣ, ಹೀಗೆ ಇಳಿಯುತ್ತ ಕೊನೆಗೆ ಐವತ್ತು ಮಂದಿಯ ಭೋಜನಕ್ಕೆ ಬಂದು ಮುಗಿಯುತ್ತದೆ. ಗೋಕಾಕದ ಲಿಂಗಾಯತರ ಮನೆಗಳಲ್ಲಿ ಹೋಮದ ಈ ಏಣಿಗೆ ಸ್ಥಾನವಿಲ್ಲ. ಸಿದ್ಧಾಂತಶಿಖಾಮಣಿಯ ಪಂಚಾಕ್ಷರೀಜಪಸ್ಥಲದಲ್ಲಿ ಮೇಲ್ಮೆಯನ್ನು ಅಳೆದಿರುವುದು ಸಂಖ್ಯೆಯಿಂದಲ್ಲ, ಧ್ವನಿಯಿಂದ: ಇತರರಿಗೆ ಕೇಳುವಂಥದು ವಾಚಿಕ, ತುಟಿ ಮಾತ್ರ ಅಲುಗುವಂಥದು ಉಪಾಂಶು, ಮನಸ್ಸಿನಲ್ಲಿಯೇ ನಡೆಯುವಂಥದು ಮಾನಸ, ಇವು ಒಂದಕ್ಕಿಂತ ಒಂದು ಮೇಲು. ನಾವು ಒಲೆಯ ಮುಂದೆ ಕಂಡದ್ದು ಉಪಾಂಶು.

ಐಸಾಕನ ಉಪದೇಶದಲ್ಲಿ ಎಣಿಕೆಯ ಮಾತೇ ಇಲ್ಲ. ಮಾಲೆಯಿಲ್ಲ, ಉಸಿರಿನ ನಿಯಮವೂ ಇಲ್ಲ. ಯೇಸುವಿನ ನಾಮವನ್ನು ಶ್ವಾಸದೊಡನೆ ಕೂಡಿಸಿ ಜಪಿಸುವ ಕ್ರಮವು ಸ್ಪಷ್ಟವಾಗಿ ಬರಹದಲ್ಲಿ ಬರುವುದು ಗ್ರೀಕ್ ಮಠಗಳಲ್ಲಿ, ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ. ಅದನ್ನು ಸ್ಕೇತಿಸಿನ ಮುನಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಮರುಭೂಮಿಯಲ್ಲಿ ಎಣಿಸುವವರೇ ಇರಲಿಲ್ಲವೆಂದಲ್ಲ. ಪಲ್ಲಾದಿಯಸನು ಸುಮಾರು 420ರಲ್ಲಿ ಬರೆದ ಚರಿತ್ರಸಂಗ್ರಹದಲ್ಲಿ ಫೆರ್ಮೆ ಬೆಟ್ಟದ ಪೌಲನ ಕಥೆಯಿದೆ. ಅವನಿಗೆ ದಿನಕ್ಕೆ 300 ಪ್ರಾರ್ಥನೆಗಳ ನೇಮ. 300 ಹರಳುಗಳನ್ನು ಮಡಿಲಿನಲ್ಲಿಟ್ಟುಕೊಂಡು, ಒಂದೊಂದು ಪ್ರಾರ್ಥನೆಗೆ ಒಂದೊಂದು ಹರಳನ್ನು ಹೊರಕ್ಕೆ ಎಸೆಯುತ್ತಿದ್ದನು. ಬೇರೆ ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಒಂದು ದಿನ ಅವನು ಬಹಳ ಕುಗ್ಗಿಹೋಗಿ ಅಲೆಕ್ಸಾಂಡ್ರಿಯಾದ ಮಕಾರಿಯನ ಬಳಿಗೆ ಬಂದನು. ಒಂದು ಹಳ್ಳಿಯಲ್ಲಿ ಒಬ್ಬ ಕನ್ಯೆಯು ಮೂವತ್ತು ವರ್ಷದಿಂದ ತಪಸ್ಸಿನಲ್ಲಿದ್ದಾಳೆ, ದಿನಕ್ಕೆ 700 ಪ್ರಾರ್ಥನೆ ಮಾಡುತ್ತಾಳೆ ಎಂದು ಅವನು ಕೇಳಿದ್ದನು. ತನ್ನಿಂದ 300ನ್ನು ದಾಟಲಾಗಲಿಲ್ಲವೆಂಬುದೇ ಅವನ ದುಃಖ. ಮಕಾರಿಯನ ಉತ್ತರದ ತಾತ್ಪರ್ಯವಿಷ್ಟು: ತಾನು ಅರವತ್ತರ ಸಮೀಪದವನು, ನೂರು ಪ್ರಾರ್ಥನೆ ಮಾಡುತ್ತಾನೆ, ದುಡಿದು ತಿನ್ನುತ್ತಾನೆ, ಬಂದವರೊಡನೆ ಮಾತನಾಡುತ್ತಾನೆ, ಆದರೂ ಅವನ ಅಂತಃಕರಣವು ಅವನನ್ನು ಸೋಮಾರಿಯೆಂದು ದೂರುವುದಿಲ್ಲ. ಮುನ್ನೂರು ಮಾಡಿಯೂ ಪೌಲನ ಮನಸ್ಸು ಅವನನ್ನು ದೂರುತ್ತಿದ್ದರೆ, ಒಂದೋ ಅವನು ಶುದ್ಧವಾಗಿ ಪ್ರಾರ್ಥಿಸುತ್ತಿಲ್ಲ, ಇಲ್ಲವೇ ಇನ್ನೂ ಹೆಚ್ಚು ಮಾಡಬಲ್ಲವನಾಗಿ ಮಾಡುತ್ತಿಲ್ಲ. ಈ ಉತ್ತರದ ಎರಡನೆಯ ಅಲಗು ನಮಗೆ ಬಹಳ ಹಿಡಿಸಿತು. ಸಂಖ್ಯೆ ಬೇಡವೆಂದು ಮಕಾರಿಯನು ಹೇಳಲಿಲ್ಲ. ಆ ಕನ್ಯೆಯ ಲೆಕ್ಕವನ್ನು ಪೌಲನ ಮಡಿಲಿನಿಂದ ತೆಗೆದುಹಾಕಿದನು.

ಈ ಕಥೆಯನ್ನು ಉಪಾಧ್ಯಾಯರು ಗೋಕಾಕದ ಆ ತಾಯಿಗೂ ಹೇಳಿ, "ನೀವು ದಿನಕ್ಕ ಎಷ್ಟ ಮಾಡ್ತೀರಿ, ಅವ್ವಾರ?" ಎಂದು ಕೇಳಿದರು. ಆಕೆ ರೊಟ್ಟಿಯನ್ನು ತಿರುವಿ ಹಾಕುತ್ತ, "ಎಣಿಕಿ ಇಟ್ಟಿಲ್ಲರೀ ಮಾಸ್ತರ್ರ. ರೊಟ್ಟಿ ಮುಗಿಯೂತನಕ ಅಂತಿರ್ತೀನಿ. ಸಿಟ್ಟ ಬಂದ ದಿನ ಜಾಸ್ತಿ ಆಗ್ತೈತಿ" ಎಂದರು. ಐಸಾಕನ ಪಟ್ಟಿಯಲ್ಲಿ ಕೋಪವೂ ಇದ್ದದ್ದು ನಮಗೆ ನೆನಪಾಯಿತು.

ಜಪವು ಎಲ್ಲಿ ಕೆಡುತ್ತದೆಂಬುದರಲ್ಲಿ ಎರಡು ದೇಶದವರಿಗೂ ಬಹುಮಟ್ಟಿಗೆ ಒಂದೇ ಅನುಭವ. ಮನಸ್ಸು ಹೊರಗೆ ಓಡುವುದು ಮೊದಲನೆಯದು. ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಇದನ್ನು ವಿಕ್ಷೇಪವೆನ್ನುತ್ತಾರೆ. ಓಡಿದ್ದು ಗೊತ್ತಾಗುವುದರಿಂದ ಇದು ಅಷ್ಟು ಅಪಾಯದ್ದಲ್ಲ, ಮರಳಿ ಬಂದರಾಯಿತು. ಎರಡನೆಯದು ಲಯ, ಎಂದರೆ ಜಪದ ಇಂಪಿನಲ್ಲಿಯೇ ಮನಸ್ಸು ತೂಕಡಿಸುವುದು. ಇದು ಶಾಂತಿಯಂತೆಯೇ ಕಾಣುವುದರಿಂದ ಮೋಸಹೋಗುವವರು ಹೆಚ್ಚು. ಇದಕ್ಕೆ ಗುರುತುಗಳುಂಟು: ಬೆರಳಿಗೆ ಮೇರುಮಣಿ ತಗುಲಿದಾಗ ಹಿಂದಿನ ಐವತ್ತು ಮಣಿಗಳು ಎಲ್ಲಿ ಹೋದವೆಂದು ತಿಳಿಯದಿರುವುದು, ಅಕ್ಷರಗಳು ಒಂದರೊಳಗೊಂದು ಕರಗಿ ಬರಿಯ ಗುಂಯ್‌ಗುಟ್ಟುವಿಕೆಯಾಗುವುದು, ಎದ್ದ ಮೇಲೆ ಮೈ ಹಗುರಾಗದೆ ಮಂಕಾಗಿರುವುದು. ಹೀಗಾದಾಗ ಮಾನಸದಿಂದ ಉಪಾಂಶುವಿಗೆ, ಅದೂ ಸಾಲದಿದ್ದರೆ ವಾಚಿಕಕ್ಕೆ ಇಳಿದು ಬರುವುದು ಅಭ್ಯಾಸಿಗಳು ಬಲ್ಲ ಉಪಾಯ. ಐಸಾಕನ ವಚನಕ್ಕೆ ಇಲ್ಲಿ ಒಂದು ಅನುಕೂಲವಿದೆಯೆಂದು ಒಪ್ಪಬೇಕು. ಅದು ಅಪಾಯದಲ್ಲಿರುವವನ ಕೂಗು. ಕೂಗುತ್ತ ತೂಕಡಿಸುವುದು ಕಷ್ಟ.

ಜಪವೊಂದೇ ಕೊನೆಯವರೆಗೆ ಒಯ್ಯುತ್ತದೆಯೇ ಎಂಬ ಪ್ರಶ್ನೆಯು ಇದೇ ಸೀಮೆಯಲ್ಲಿ ಎದ್ದಿತ್ತು. ಬೆಳಗಾವಿ, ವಿಜಯಪುರ, ಸೊಲ್ಲಾಪುರಗಳ ಹಳ್ಳಿಗಳಲ್ಲಿ ಹಬ್ಬಿದ ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರು, ಗುರುವಿತ್ತ ನಾಮವನ್ನು ಹಿಡಿದು ಗಂಟೆಗಟ್ಟಲೆ ಕುಳಿತಿರುವ ಕಠಿನಮಾರ್ಗವನ್ನು ಬೋಧಿಸಿ 1914ರಲ್ಲಿ ದೇಹವಿಟ್ಟರು. ಅವರ ಶಿಷ್ಯರಲ್ಲಿ ಒಬ್ಬರಾದ ಸಿದ್ಧರಾಮೇಶ್ವರ ಮಹಾರಾಜರು, 1920ರ ಸುಮಾರಿನಲ್ಲಿ, ಇದು ಇರುವೆಯು ಮರವೇರಿ ಹಣ್ಣನ್ನು ಸೇರುವ ದಾರಿ, ವಿಚಾರವು ಹಕ್ಕಿಯು ಹಾರಿ ಸೇರುವ ದಾರಿ ಎಂದು ಹೇಳಿ ಬೇರೆಯ ಹಾದಿ ಹಿಡಿದರು. ಗುರುಬಂಧುಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಇನ್ನೊಬ್ಬ ಶಿಷ್ಯರು, ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು, ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಪಶ್ಚಿಮದ ಕ್ರೈಸ್ತ ಅನುಭಾವಿಗಳನ್ನೂ ಆಳವಾಗಿ ಓದಿಕೊಂಡವರು. ಆದರೂ 1957ರಲ್ಲಿ ನಿಂಬಾಳದಲ್ಲಿ ತೀರಿಕೊಳ್ಳುವವರೆಗೆ ನಾಮಧ್ಯಾನವನ್ನೇ ಹಿಡಿದು ನಿಂತರು. ಐಸಾಕನು ಇವರಿಬ್ಬರ ನಡುವೆ ಎಲ್ಲಿ ನಿಲ್ಲುತ್ತಾನೆ? ಅವನೂ ವಚನವೇ ಕೊನೆಯೆಂದು ಹೇಳುವುದಿಲ್ಲ. ಶಬ್ದವೂ ಧ್ವನಿಯೂ ಅಡಗಿ, ಉರಿಯಂತೆ ಏಳುವ ಮಾತಿಲ್ಲದ ಪ್ರಾರ್ಥನೆಯೊಂದಿದೆ, ವಚನವು ಅಲ್ಲಿಗೆ ಕರೆದೊಯ್ಯುತ್ತದೆ ಎನ್ನುತ್ತಾನೆ. ಆದರೆ ಅದು ಬಂದಾಗ ಬರುತ್ತದೆ; ಸಾಧಕನು ವಚನವನ್ನು ತಾನಾಗಿ ಕೆಳಗಿಡುವಂತಿಲ್ಲ. ಈ ಮಟ್ಟಿಗೆ ಅವನು ಇರುವೆಯ ಪಕ್ಷದವನೇ.

ಎರಡು ಪ್ರವಾಹಗಳು ನಿಜವಾಗಿ ಒಂದರೊಳಗೊಂದು ಸೇರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಜಾನ್ ಮೇನ್ ಎಂಬವರು 1950ರ ದಶಕದಲ್ಲಿ ಮಲಯದಲ್ಲಿ ಸರಕಾರಿ ನೌಕರಿಯಲ್ಲಿದ್ದಾಗ, ಸ್ವಾಮಿ ಸತ್ಯಾನಂದರೆಂಬ ಹಿಂದೂ ಸಂನ್ಯಾಸಿಗಳಿಂದ ಮಂತ್ರಧ್ಯಾನವನ್ನು ಕಲಿತರು. ಮುಂದೆ ಬೆನೆಡಿಕ್ಟನ ಮಠವನ್ನು ಸೇರಿದಾಗ, ಇದು ಕ್ರೈಸ್ತರ ಕ್ರಮವಲ್ಲವೆಂದು ಹಿರಿಯರು ಬಿಡಿಸಿದರು, ಅವರು ಬಿಟ್ಟರು. ಬಹುಕಾಲದ ಮೇಲೆ ಕ್ಯಾಸಿಯನ್ನನ ಹತ್ತನೆಯ ಸಂವಾದವನ್ನು ಓದುವಾಗ, ಬಿಟ್ಟದ್ದೇ ಅಲ್ಲಿ ಕಂಡಂತಾಗಿ ಮತ್ತೆ ಹಿಡಿದರು. 1982ರಲ್ಲಿ ತೀರಿಕೊಳ್ಳುವ ಮುನ್ನ ಅದನ್ನು ಅನೇಕರಿಗೆ ಕಲಿಸಿದರು. ಅವರು ಕ್ಯಾಸಿಯನ್ನನನ್ನು ಭಾರತೀಯ ಕಣ್ಣಿನಿಂದ ಓದಿದರೆಂದು ಆಕ್ಷೇಪಿಸುವವರಿದ್ದಾರೆ, ಆ ಮಾತು ನಿಜವೇ. ಐಸಾಕನ ಸಹಾಯದ ಕೂಗಿಗೂ, ಅರ್ಥವನ್ನು ಚಿಂತಿಸದೆ ಶಬ್ದವನ್ನಷ್ಟೇ ಆಲಿಸಿರೆಂಬ ಮೇನ್‌ರವರ ಬೋಧನೆಗೂ ಅಂತರವಿದೆ. ಆದರೆ ಆ ಕಣ್ಣಿಲ್ಲದಿದ್ದರೆ ಆ ಸಂವಾದವು ಅವರಿಗೆ ಮಠದ ಓದುಗಳಲ್ಲಿ ಮತ್ತೊಂದಾಗಿ ಉಳಿಯುತ್ತಿತ್ತೋ ಏನೋ.

ಗೋಕಾಕದಿಂದ ನಾವು ಮೂಡಲಗಿಗೆ ಹೋಗಿ ಶಿವಬೋಧರಂಗ ಮಠವನ್ನು ನೋಡಿ ಬಂದೆವು. ಶಿವನೂ ರಂಗನೂ ಒಂದೇ ಹೆಸರಿನಲ್ಲಿ ಕೂಡಿರುವ ಮಠವದು. ಅಲ್ಲಿಂದ ಹುಕ್ಕೇರಿಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಉಪಾಧ್ಯಾಯರು ಕಣ್ಣು ಮುಚ್ಚಿ ಕುಳಿತಿದ್ದರು. ಐಸಾಕನ ವಚನವೇ ಎಂದು ಕೇಳಿದೆವು. ಹೌದೆಂದರು, ಮೊದಲ ತುಂಡು ಉಸಿರು ತೆಗೆದುಕೊಳ್ಳುವಾಗ, ಎರಡನೆಯದು ಬಿಡುವಾಗ ಎಂದು ವಿವರಿಸಿದರು. ಉಸಿರಿನ ಮಾತು ಕ್ಯಾಸಿಯನ್ನನಲ್ಲಿ ಇಲ್ಲವಲ್ಲ ಎಂದು ನಾವು ನೆನಪಿಸಿದೆವು. ಅವರು ಸ್ವಲ್ಪ ನಾಚಿಕೊಂಡು, "ಅದು ನಮ್ಮ ಓಣಿಯಲ್ಲಿ ನಾಮ ತೆಗೆದುಕೊಂಡ ಅಜ್ಜ ಒಬ್ಬರಿದ್ದರು, ಅವರು ಹೇಳಿಕೊಟ್ಟದ್ದು" ಎಂದರು.